ಕಟ್ಟಿದ ಉಸಿರಿನೊಳಗೆ

ದಾಸಯ್ಯ ಶಂಖವನ್ನು ತುಟಿಗಿಟ್ಟು ಊದುವಾಗ ನಮ್ಮ ಕಿವಿ ಧ್ವನಿಯ ಹಿಂದೆ ಹೋಗಿಬಿಡುತ್ತದೆ. ಒಮ್ಮೆ ಕಣ್ಣನ್ನು ಅವನ ಕುತ್ತಿಗೆಯ ಮೇಲೆ ನಿಲ್ಲಿಸಿ ನೋಡಬೇಕು. ನಾದ ನೀಳವಾದಂತೆ ಅಲ್ಲಿನ ಸಿರೆಗಳು ಚರ್ಮದಡಿಯಿಂದ ಮೆಲ್ಲನೆ ಎದ್ದು ಬರುತ್ತವೆ, ಮುಖಕ್ಕೆ ಕೆಂಪೇರುತ್ತದೆ, ಕಣ್ಣಂಚು ಒದ್ದೆಯಾಗುತ್ತದೆ. ಶಂಖ ತುಟಿಯಿಂದ ಇಳಿದದ್ದೇ ತಡ, ಉಬ್ಬಿದ್ದೆಲ್ಲ ಸದ್ದಿಲ್ಲದೆ ಬಸಿದು ಮುಖ ಮೊದಲಿನ ಮುಖವಾಗುತ್ತದೆ. ಅಕ್ಕಿ ಮೂಟೆಯನ್ನು ಬೆನ್ನಿಗೇರಿಸಿಕೊಳ್ಳುವ ಹಮಾಲಿ, ಹೆರಿಗೆಯ ಕೊನೆಯ ಗಳಿಗೆಯಲ್ಲಿ ಹಲ್ಲು ಕಚ್ಚಿ ಮುಕ್ಕರಿಯುವ ತಾಯಿ, ಮಲಬದ್ಧತೆಯಿಂದ ತಿಣುಕುವ ಮುದುಕರು, ಎಲ್ಲರೂ ತಿಳಿಯದೆಯೇ ಇದನ್ನು ಮಾಡುತ್ತಾರೆ. ಹೊರಗೆ ದಾರಿಯಿಲ್ಲದ, ಇಲ್ಲವೇ ಇಕ್ಕಟ್ಟಾದ ದಾರಿಯುಳ್ಳ ಉಸಿರನ್ನು ಎದೆ ಹೊಟ್ಟೆಗಳ ಬಲ ಹಾಕಿ ಒತ್ತುವುದು, ಅಷ್ಟೇ. ಆ ಒತ್ತಡದ ಕೆಲವೇ ಕ್ಷಣಗಳಲ್ಲಿ ಹೃದಯ ಒಂದು ಇಡೀ ಕಥೆಯನ್ನು ಬದುಕಿ ಮುಗಿಸುತ್ತದೆ ಎಂಬುದು ಅವರಿಗೂ ಗೊತ್ತಿಲ್ಲ, ನೋಡುವ ನಮಗೂ ಕಾಣುವುದಿಲ್ಲ.

ವೈದ್ಯರು ಇದಕ್ಕಿಟ್ಟ ಹೆಸರು ವಲ್ಸಾಲ್ವಾ ವಿಧಾನ. ಇಟಲಿಯ ಇಮೋಲಾದಲ್ಲಿ 1666ರಲ್ಲಿ ಹುಟ್ಟಿ, ಬೊಲೋನ್ಯಾದಲ್ಲಿ ಅಂಗರಚನೆಯನ್ನು ಕಲಿತು ಕಲಿಸಿದ ಆಂಟೋನಿಯೋ ಮಾರಿಯಾ ವಲ್ಸಾಲ್ವಾನಿಗೆ ಹೃದಯದ ಗೊಡವೆಯೇ ಇರಲಿಲ್ಲ. ಅವನ ಮನಸ್ಸೆಲ್ಲ ಕಿವಿಯಲ್ಲಿತ್ತು. 1704ರಲ್ಲಿ ಅಚ್ಚಾದ ಕಿವಿಯ ಕುರಿತ ಗ್ರಂಥದಲ್ಲಿ, ಮೂಗು ಬಾಯಿ ಮುಚ್ಚಿ ಉಸಿರನ್ನು ಒತ್ತಿದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ನಡುಗಿವಿಯ ಕೀವು ಹೊರಬರುತ್ತದೆ ಎಂದು ಅವನು ಬರೆದ. ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಮೂಗು ಹಿಡಿದು ಕಿವಿಯನ್ನು ‘ಟಪ್’ ಎನ್ನಿಸಿಕೊಳ್ಳುವವರು ಮಾಡುವುದೂ ಅದನ್ನೇ. ಕಿವಿಗೆಂದು ಹುಟ್ಟಿದ ಈ ಉಪಾಯ ಎದೆಯ ಬಾಗಿಲನ್ನೂ ತೆರೆಯುತ್ತದೆಂದು ತಿಳಿಯಲು ಒಂದೂವರೆ ಶತಮಾನ ಬೇಕಾಯಿತು. 1851ರ ಹೊತ್ತಿಗೆ ಜರ್ಮನಿಯ ಅರ್ನ್ಸ್ಟ್ ಹೈನ್ರಿಖ್ ವೇಬರ್ ತನ್ನ ಎದೆಯನ್ನೇ ಹೀಗೆ ಒತ್ತಿ ಹಿಡಿದು, ಮಣಿಕಟ್ಟಿನ ನಾಡಿ ಬೆರಳಡಿಯಲ್ಲಿ ಮಾಯವಾಗುವುದನ್ನು ತೋರಿಸಿದ; ಒಮ್ಮೆ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದು ಎಚ್ಚರ ತಪ್ಪಿದ.

ನಾಡಿ ಯಾಕೆ ಮಾಯವಾಗಬೇಕು? ಎದೆಗೂಡಿನೊಳಗಿನ ಮೌನದಿಂದಲೇ ಶುರುಮಾಡಬೇಕು. ಸುಮ್ಮನೆ ಕುಳಿತು ಉಸಿರಾಡುವಾಗ ಪುಪ್ಪುಸದ ಸುತ್ತಲಿನ ಒತ್ತಡ ಹೊರಗಿನ ಗಾಳಿಗಿಂತ ಕೊಂಚ ಕಡಿಮೆ. ಆ ಕೊಂಚ ಕಡಿಮೆಯೇ ಒಂದು ಕರೆ. ಪಾದದ ಬೆರಳಿನಿಂದ, ಕರುಳಿನ ಸುರುಳಿಗಳಿಂದ, ನೆತ್ತಿಯ ಅಡಿಯಿಂದ, ಆಮ್ಲಜನಕವನ್ನು ಕೊಟ್ಟು ದಣಿದ ರಕ್ತವೆಲ್ಲ ಆ ಕರೆಗೆ ಓಗೊಟ್ಟು ಎದೆಯ ಕಡೆ ನಡೆದು ಬರುತ್ತದೆ. ಅದನ್ನು ತಳ್ಳುತ್ತಿರುವ ಬಲವಾದರೂ ಎಷ್ಟು? ಅಪಧಮನಿಗಳಲ್ಲಿ ರಕ್ತ 120 ಮಿಲಿಮೀಟರ್ ಪಾದರಸದೆತ್ತರಕ್ಕೆ ಚಿಮ್ಮುತ್ತದಲ್ಲ, ಮರಳಿ ಬರುವ ಸಿರೆಗಳಲ್ಲಿ ಹೃದಯದ ಹತ್ತಿರ ಉಳಿದಿರುವುದು ಬೆರಳೆಣಿಕೆಯ ಮಿಲಿಮೀಟರು. ಮಹಾಸಿರೆಯ ಗೋಡೆ ತೆಳು, ಮೆತ್ತಗೆ. ಸುತ್ತಲಿನ ಒತ್ತಡ ಕೊಂಚ ಏರಿದರೂ ಮಣಿಯುತ್ತದೆ. ದೇಹದ ಅಷ್ಟೂ ರಕ್ತ ಮನೆಗೆ ಮರಳುವುದು ಇಂಥ ನಾಜೂಕು ದಾರಿಯಲ್ಲಿ, ಇಷ್ಟು ಸಣ್ಣ ಇಳಿಜಾರಿನಲ್ಲಿ.

ಪ್ರಯೋಗಾಲಯದಲ್ಲಿ ಇದನ್ನು ನೋಡುವ ಕ್ರಮ ಸರಳವಾಗಿದೆ. ಎದೆಗೆ ಇಸಿಜಿಯ ತಂತಿಗಳು, ಬೆರಳಿಗೆ ಪ್ರತಿ ಬಡಿತದ ಬಿಪಿಯನ್ನೂ ಬರೆಯುವ ಪುಟ್ಟ ಪಟ್ಟಿ, ಬಾಯಿಗೆ ಒತ್ತಡಮಾಪಕಕ್ಕೆ ಜೋಡಿಸಿದ ನಳಿಗೆ. ಹದವಾಗಿ ಉಸಿರೆಳೆದುಕೊಂಡು ನಳಿಗೆಗೆ ಊದಿ ಮಾಪಕವನ್ನು 40 ಮಿಲಿಮೀಟರಿಗೆ ಏರಿಸಬೇಕು, 15 ಸೆಕೆಂಡು ಅಲ್ಲೇ ನಿಲ್ಲಿಸಬೇಕು, ಆಮೇಲೆ ಬಿಟ್ಟು ಸುಮ್ಮನೆ ಉಸಿರಾಡುತ್ತ ಕೂರಬೇಕು. ನಳಿಗೆಯಲ್ಲಿ ಬೇಕೆಂದೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ತೂತಿಲ್ಲದಿದ್ದರೆ ಜಾಣರು ಗಂಟಲು ಮುಚ್ಚಿಕೊಂಡು ಬರೀ ಕೆನ್ನೆಯ ಬಲದಿಂದ 40ನ್ನು ಹಿಡಿದುಬಿಡುತ್ತಾರೆ. ಮಾಪಕ ನಂಬುತ್ತದೆ, ಎದೆಗೆ ಮಾತ್ರ ಏನೂ ಗೊತ್ತಾಗಿರುವುದಿಲ್ಲ. ಗಾಳಿ ಸೋರುತ್ತಿದ್ದರೆ ಎದೆಯಿಂದಲೇ ಒತ್ತಬೇಕಾಗುತ್ತದೆ. (ಯೋಗ ಬಲ್ಲವರು ಇದನ್ನು ಕುಂಭಕವೆಂದುಕೊಳ್ಳುವುದುಂಟು. ಉಸಿರನ್ನು ಹಗುರಾಗಿ ತಡೆದು ನಿಲ್ಲಿಸುವುದು ಬೇರೆ, ತಡೆದದ್ದನ್ನು ಒತ್ತುವುದು ಬೇರೆ. ಇಲ್ಲಿಯ ಆಟವೆಲ್ಲ ಒತ್ತುವುದರಲ್ಲಿದೆ.)

ಹಾಳೆಯ ಮೇಲೆ ಮೂಡುವ ಗೆರೆಯನ್ನು 1936ರಲ್ಲಿ ಅಮೆರಿಕದ ಹ್ಯಾಮಿಲ್ಟನ್, ವುಡ್‌ಬರಿ ಮತ್ತು ಹಾರ್ಪರ್ ಎಂಬವರು ನಾಲ್ಕು ಘಟ್ಟಗಳಾಗಿ ಓದಿದರು. ಮೊದಲನೆಯದು ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಎದೆ ಬಿಗಿದ ಕೂಡಲೇ ಒಳಗಿನ ಮಹಾಪಧಮನಿಗೂ ಆ ಬಿಗಿ ತಗಲುತ್ತದೆ, ಪುಪ್ಪುಸದಲ್ಲಿದ್ದ ರಕ್ತ ಹಿಂಡಿಕೊಂಡು ಎಡ ಹೃದಯಕ್ಕೆ ಬೀಳುತ್ತದೆ, ಬಿಪಿ ಮೂರು ನಾಲ್ಕು ಬಡಿತದ ಕಾಲ ನೆಗೆಯುತ್ತದೆ. ಹೃದಯ ಏನೋ ಹೆಚ್ಚಾಯಿತೆಂದು ತುಸು ನಿಧಾನಿಸುತ್ತದೆ. ಇದು ಸುಳ್ಳು ಸಮೃದ್ಧಿ; ಕೂಡಿಟ್ಟದ್ದನ್ನು ಖರ್ಚು ಮಾಡಿದ ಮೆರುಗು.

ಎರಡನೆಯ ಘಟ್ಟದಲ್ಲಿ ನಿಜ ಬೆಳಕಿಗೆ ಬರುತ್ತದೆ. ಗದ್ದೆಗೆ ಹರಿಯುವ ಕಾಲುವೆಗೆ ಯಾರೋ ಅಡ್ಡಕಟ್ಟೆ ಹಾಕಿದ ಹಾಗೆ, ಎದೆಯ ಹೊಸ್ತಿಲಲ್ಲಿ ಸಿರೆಯ ರಕ್ತ ತಡೆದು ನಿಲ್ಲುತ್ತದೆ. ಮೇಲಿನ ಕಾಲುವೆ ತುಂಬಿ ಉಬ್ಬುತ್ತದೆ, ಕೆಳಗಿನ ಗದ್ದೆ ಒಣಗತೊಡಗುತ್ತದೆ. ದಾಸಯ್ಯನ ಕುತ್ತಿಗೆಯಲ್ಲಿ ಎದ್ದು ನಿಂತದ್ದು ಈ ತಡೆದ ನೀರೇ. ಪೂರ್ತಿ ನಿಲ್ಲುವುದಿಲ್ಲ, ನಿಂತರೆ ಬದುಕೇ ಇಲ್ಲ. ಹಿಂದೆ ಕೂಡಿದ ರಕ್ತದ ಒತ್ತಡ ಏರುತ್ತ ಏರುತ್ತ ಕಟ್ಟೆಯ ಮೇಲಿಂದ ಅಷ್ಟಿಷ್ಟು ದಾಟುತ್ತಿರುತ್ತದೆ. ಆದರೆ ಆ ಅಷ್ಟಿಷ್ಟು ಸಾಲದು. ಬಲ ಹೃದಯಕ್ಕೆ ಬರುವುದು ಕಡಿಮೆಯಾದರೂ ಎಡ ಹೃದಯಕ್ಕೆ ಕೂಡಲೇ ತಿಳಿಯುವುದಿಲ್ಲ, ಯಾಕೆಂದರೆ ನಡುವೆ ಪುಪ್ಪುಸವಿದೆ, ದೇಹದ ರಕ್ತದ ಸುಮಾರು ಹತ್ತರಲ್ಲೊಂದು ಪಾಲು ಅಲ್ಲಿ ಸದಾ ತಂಗಿರುತ್ತದೆ. ಕೆಲವು ಬಡಿತಗಳ ಕಾಲ ಆ ದಾಸ್ತಾನೇ ಸಂಸಾರ ನಡೆಸುತ್ತದೆ. ಅದೂ ತೀರುತ್ತ ಬಂದಾಗ ಒಂದೊಂದು ಬಡಿತವೂ ಹಿಂದಿನದಕ್ಕಿಂತ ಬಡವಾಗುತ್ತದೆ. ಹೃದಯ ಬಡಿಯುತ್ತಲೇ ಇದೆ, ಮೊದಲಿನಷ್ಟೇ ಶ್ರದ್ಧೆಯಿಂದ ಮುಷ್ಟಿ ಬಿಗಿಯುತ್ತಿದೆ, ಬಿಗಿದ ಮುಷ್ಟಿಯಲ್ಲಿ ಹಿಡಿಯಲು ರಕ್ತ ಮಾತ್ರ ಕಡಿಮೆಯಾಗುತ್ತಿದೆ. ಬಿಪಿಯ ಗೆರೆ ಇಳಿಯುತ್ತದೆ, ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ನಡುವಿನ ಅಂತರ ಕಿರಿದಾಗುತ್ತದೆ. ವೇಬರನ ಬೆರಳಡಿ ನಾಡಿ ಮಾಯವಾದದ್ದು ಹೀಗೆ.

ಆ ಇಳಿಕೆಯನ್ನು ಮೊದಲು ಅರಿಯುವವರು ಯಾರು ಎಂದು ಯೋಚಿಸುತ್ತ ಕುಳಿತಾಗಲೆಲ್ಲ ನನಗೆ ಮಾತು ನಿಂತುಹೋಗುತ್ತದೆ. ದವಡೆಯ ಕೆಳಗೆ, ಕುತ್ತಿಗೆಯ ದೊಡ್ಡ ಅಪಧಮನಿ ಎರಡಾಗಿ ಕವಲೊಡೆಯುವಲ್ಲಿ ಗೋಡೆ ತುಸು ಉಬ್ಬಿದೆ; ಆ ಉಬ್ಬಿನಲ್ಲಿ, ಮತ್ತು ಹೃದಯದಿಂದ ಹೊರಟ ಮಹಾಪಧಮನಿಯ ಬಾಗಿನಲ್ಲಿ, ಗೋಡೆ ಎಷ್ಟು ಹಿಗ್ಗಿತು ಎಂದಷ್ಟೇ ಕೇಳಿಸಿಕೊಳ್ಳುವ ನರದ ತುದಿಗಳು ಹರಡಿಕೊಂಡಿವೆ. ರಕ್ತ ಬಂದು ಗೋಡೆ ಹಿಗ್ಗಿದರೆ ಅವು ನುಡಿಯುತ್ತವೆ, ಹಿಗ್ಗದಿದ್ದರೆ ಮೌನವಾಗುತ್ತವೆ. ಅವುಗಳ ಮೌನವನ್ನು ಮಿದುಳಿನ ಬುಡ ಕೇಳಿಸಿಕೊಳ್ಳುತ್ತದೆ. ನಾವು ಹುಟ್ಟುವ ಮೊದಲಿನಿಂದಲೂ ಅಲ್ಲಿ ಕುಳಿತು, ನಾವು ನಿದ್ದೆ ಹೋದಾಗಲೂ, ಹಾಸಿಗೆಯಿಂದ ಎದ್ದು ನಿಂತಾಗಲೂ, ಒಂದೊಂದು ಬಡಿತಕ್ಕೂ ಒಂದೊಂದು ಸಲ ಕಿವಿಗೊಡುತ್ತ ಬಂದಿರುವ ಆ ಕಾವಲನ್ನು ಯಾರೂ ನೇಮಿಸಿದ್ದಲ್ಲ, ಯಾರೂ ಅದಕ್ಕೆ ಧನ್ಯವಾದ ಹೇಳಿದ್ದೂ ಇಲ್ಲ.

ಮೌನ ಕೇಳಿದ ಮಿದುಳಿನ ಬುಡ ಎರಡು ಉತ್ತರಗಳನ್ನು ಕಳಿಸುತ್ತದೆ, ಮತ್ತು ಅವೆರಡೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹೃದಯವನ್ನು ಸದಾ ಮೆಲ್ಲನೆ ಹಿಂದಕ್ಕೆ ಹಿಡಿದಿರುವ ವೇಗಸ್ ನರ ಒಂದೆರಡು ಬಡಿತದೊಳಗೆ ತನ್ನ ಕೈಯನ್ನು ಸಡಿಲಿಸುತ್ತದೆ, ಹೃದಯ ಓಡತೊಡಗುತ್ತದೆ. ಇನ್ನೊಂದು ಉತ್ತರ ಸಿಂಪಥೆಟಿಕ್ ನರಗಳದ್ದು. ಅದು ಹೃದಯವನ್ನು ಇನ್ನಷ್ಟು ಅವಸರಿಸುವುದಲ್ಲದೆ ದೇಹದ ತುಂಬ ಹರಡಿದ ಸಣ್ಣ ಅಪಧಮನಿಗಳನ್ನು ಕಿರಿದುಗೊಳಿಸಬೇಕು. ಅದಕ್ಕೆ ಸ್ನಾಯು ಬಿಗಿಯಬೇಕು, ಸ್ನಾಯು ಬಿಗಿಯಲು ರಾಸಾಯನಿಕಗಳು ಒಸರಬೇಕು, ಇದಕ್ಕೆಲ್ಲ ಹಲವು ಸೆಕೆಂಡು ಹಿಡಿಯುತ್ತದೆ. ಊದಲು ತೊಡಗಿ ಐದಾರು ಸೆಕೆಂಡು ಕಳೆದ ಮೇಲೆ, ಇಳಿಯುತ್ತಿದ್ದ ಗೆರೆ ನಿಲ್ಲುತ್ತದೆ, ಒಂದು ಗಳಿಗೆ ಅನುಮಾನಿಸುತ್ತದೆ, ಆಮೇಲೆ ನಿಧಾನವಾಗಿ ಮೇಲೇರತೊಡಗುತ್ತದೆ. ಎದೆಯ ಕಟ್ಟೆ ಹಾಗೇ ಇದೆ, ಬರುವ ರಕ್ತ ಇನ್ನೂ ಅಷ್ಟಕ್ಕಷ್ಟೇ. ಆದರೆ ಹರಿಯುವ ಹಾದಿಯನ್ನೇ ಕಿರಿದು ಮಾಡಿಕೊಂಡು, ಇರುವ ಇಷ್ಟರಲ್ಲೇ ಮಿದುಳಿಗೆ ಬೇಕಾದ ಒತ್ತಡವನ್ನು ದೇಹ ಹೊಂದಿಸಿಕೊಳ್ಳುತ್ತಿದೆ. ಊದುತ್ತಿರುವವರ ಮುಖ ಕೆಂಡವಾಗಿದೆ, ಮಾಪಕದ ಮುಳ್ಳು 40ರ ಸುತ್ತ ನಡುಗುತ್ತಿದೆ, ಎದುರು ಕುಳಿತವರು ಇನ್ನು ನಾಲ್ಕು, ಇನ್ನು ಮೂರು ಎಂದು ಎಣಿಸುತ್ತಿದ್ದಾರೆ. ಇಷ್ಟು ಗದ್ದಲದ ಅಡಿಯಲ್ಲಿ, ಕಾಗದದ ಮೇಲಿನ ಆ ಗೆರೆಯ ಏರಿಕೆಯಷ್ಟು ಶಾಂತವಾದದ್ದನ್ನು ನಾನು ಕಂಡದ್ದು ಕಡಿಮೆ.

ಬಿಡಿ ಎನ್ನುತ್ತಾರೆ. ಉಸಿರು ಬುಸ್ಸೆಂದು ಹೊರಬರುತ್ತದೆ. ಮೂರನೆಯ ಘಟ್ಟ ಒಂದೆರಡು ಸೆಕೆಂಡಿನದು: ಮಹಾಪಧಮನಿಯನ್ನು ಒತ್ತಿಹಿಡಿದಿದ್ದ ಬಿಗಿ ಕಳಚುತ್ತದೆ, ಹಿಂಡಿ ಖಾಲಿಯಾಗಿದ್ದ ಪುಪ್ಪುಸದ ನಾಳಗಳು ಬಾಯಿ ತೆರೆದು ಬಂದ ರಕ್ತವನ್ನೆಲ್ಲ ಮೊದಲು ತಾವೇ ಕುಡಿಯುತ್ತವೆ, ಬಿಪಿ ಮತ್ತೊಮ್ಮೆ ಕುಸಿಯುತ್ತದೆ. ಹಗುರಾಯಿತೆಂದು ನಿಟ್ಟುಸಿರಿಟ್ಟ ಆ ಕ್ಷಣವೇ ಒಳಗೆ ಇನ್ನಷ್ಟು ತಗ್ಗಿನ ಕ್ಷಣ. ತಲೆ ತೇಲಿದಂತೆ ಆಗುವುದೂ ಆಗಲೇ.

ಅಷ್ಟರಲ್ಲಿ ಕುತ್ತಿಗೆಯಲ್ಲಿ, ತೋಳುಗಳಲ್ಲಿ, ಕಾಲುಗಳಲ್ಲಿ ಕಾದು ನಿಂತಿದ್ದದ್ದೆಲ್ಲ ಎದೆಯೊಳಕ್ಕೆ ನುಗ್ಗಿರುತ್ತದೆ. ಬಲ ಹೃದಯ ತುಂಬಿ, ಪುಪ್ಪುಸ ತುಂಬಿ, ಕೆಲವೇ ಬಡಿತಗಳಲ್ಲಿ ಎಡ ಹೃದಯಕ್ಕೂ ಹಬ್ಬ ಬರುತ್ತದೆ. ಆದರೆ ಹೊರಗಿನ ಅಪಧಮನಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಬರಗಾಲಕ್ಕೆಂದು ಬಿಗಿದುಕೊಂಡ ಅವು ಬಿಗಿದೇ ಇವೆ. ನಿಧಾನವಾಗಿ ಬಂದ ಆಜ್ಞೆ ನಿಧಾನವಾಗಿಯೇ ಹಿಂದೆ ಸರಿಯಬೇಕು. ಕಿರಿದಾದ ಹಾದಿಗೆ ತುಂಬಿದ ಹೃದಯ ಸುರಿಯುವ ರಕ್ತ ಬಿದ್ದಾಗ ಬಿಪಿ ಮೊದಲಿದ್ದ ಮಟ್ಟವನ್ನೂ ದಾಟಿ ಏರುತ್ತದೆ. ಇದು ನಾಲ್ಕನೆಯ ಘಟ್ಟ. ಕುತ್ತಿಗೆಯ ಆ ಉಬ್ಬಿನಲ್ಲಿ ನರದ ತುದಿಗಳು ಒಮ್ಮೆಲೇ ನುಡಿಯುತ್ತವೆ, ಮಿದುಳಿನ ಬುಡ ವೇಗಸ್ ನರದ ಕೈಯನ್ನು ಮತ್ತೆ ಹೃದಯದ ಮೇಲಿಡುತ್ತದೆ, ಓಡುತ್ತಿದ್ದ ಹೃದಯ ಏಕಾಏಕಿ ನಿಧಾನಿಸುತ್ತದೆ. ಎಷ್ಟು ನಿಧಾನವೆಂದರೆ ಗಮನವಿಟ್ಟವರಿಗೆ ಎದೆಯಲ್ಲಿ ಒಂದೊಂದು ಬಡಿತವೂ ಬಿಡಿಬಿಡಿಯಾಗಿ, ಭಾರವಾಗಿ, ದೂರದ ದೇಗುಲದ ನಗಾರಿಯಾಗಿ ಕೇಳುತ್ತದೆ. ಅರ್ಧ ನಿಮಿಷದೊಳಗೆ ಎಲ್ಲವೂ ಸಮಕ್ಕೆ ಬಂದು, ಏನೂ ನಡೆದೇ ಇಲ್ಲವೇನೋ ಎಂಬಂತೆ ಗೆರೆ ಹಳೆಯ ದಾರಿ ಹಿಡಿಯುತ್ತದೆ.

ಆರೋಗ್ಯವಂತ ತರುಣಿಯೊಬ್ಬಳ ಹಾಳೆ ಹೀಗಿರಬಹುದು ಎಂದುಕೊಳ್ಳೋಣ. ಊದುವ ಮುಂಚೆ ನಾಡಿ ನಿಮಿಷಕ್ಕೆ 70, ಬಿಪಿಯ ಮೇಲಿನ ಅಂಕಿ 120. ಎದೆ ಬಿಗಿದ ಕೂಡಲೇ 150, ಅಲ್ಲಿಂದ 100ಕ್ಕೆ ಇಳಿಕೆ, ಮತ್ತೆ 115ರವರೆಗೆ ನಿಧಾನದ ಏರಿಕೆ, ಬಿಟ್ಟೊಡನೆ 85, ಆಮೇಲೆ ಒಂದೇ ನೆಗೆತಕ್ಕೆ 150. ಊದುವಾಗ ಬಡಿತದಿಂದ ಬಡಿತಕ್ಕೆ ಇದ್ದ ಅತಿ ಕಿರಿಯ ಅಂತರ 0.6 ಸೆಕೆಂಡು, ಎಂದರೆ ನಿಮಿಷಕ್ಕೆ 100ರ ಓಟ. ಬಿಟ್ಟ ಮೇಲಿನ ಅತಿ ದೀರ್ಘ ಅಂತರ 1 ಸೆಕೆಂಡು, ಎಂದರೆ 60ರ ನಡಿಗೆ. ದೀರ್ಘವನ್ನು ಕಿರಿದರಿಂದ ಭಾಗಿಸಿದರೆ 1.67. ವೈದ್ಯರು ಇದನ್ನು ವಲ್ಸಾಲ್ವಾ ಅನುಪಾತ ಎನ್ನುತ್ತಾರೆ. 1.21 ಅಥವಾ ಅದಕ್ಕೆ ಮೇಲಿದ್ದರೆ ಸರಿ, 1.10 ಅಥವಾ ಅದಕ್ಕೆ ಕೆಳಗಿದ್ದರೆ ನರಗಳು ಸೋತಿವೆ ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಗಡಿ; ವಯಸ್ಸಾದಂತೆ ಅನುಪಾತ ತಾನಾಗಿಯೇ ಇಳಿಯುವುದರಿಂದ ಈಗ ವಯಸ್ಸನ್ನೂ ಜೊತೆಗಿಟ್ಟು ಓದುತ್ತಾರೆ. ಮತ್ತು ಅಂಕಿ ಚಿಕ್ಕದಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ನರವನ್ನಲ್ಲ, ಊದಿದ್ದನ್ನು. ಮುಖ ಕೆಂಪೇರಿತ್ತೆ, ಕುತ್ತಿಗೆಯ ಸಿರೆ ಎದ್ದಿತ್ತೆ, 15 ಸೆಕೆಂಡು ಪೂರ್ತಿ ನಿಂತಿತ್ತೆ? ಇಲ್ಲವಾದರೆ ವಿರಾಮ ಕೊಟ್ಟು ಮತ್ತೊಮ್ಮೆ ಊದಿಸಬೇಕು.

ಈ ಸಂಭಾಷಣೆ ಮೂಕವಾಗುವುದೂ ಉಂಟು. ಬಹಳ ವರ್ಷ ಸಕ್ಕರೆ ಕಾಯಿಲೆಯಿದ್ದು ಒಳನರಗಳು ಸವೆದವರಲ್ಲಿ ಎದೆ ಬಿಗಿಯುತ್ತದೆ, ರಕ್ತ ತಡೆಯುತ್ತದೆ, ಬಿಪಿ ಇಳಿಯುತ್ತದೆ, ಇಳಿಯುತ್ತಲೇ ಹೋಗುತ್ತದೆ. ನಡುವೆ ನಿಂತು ಅನುಮಾನಿಸುವ ಆ ಗಳಿಗೆ ಬರುವುದೇ ಇಲ್ಲ. ಹೃದಯ ಓಡುವುದಿಲ್ಲ, ಬಿಟ್ಟ ಮೇಲೆ ನೆಗೆತವೂ ಇಲ್ಲ, ನಿಧಾನಿಸುವಿಕೆಯೂ ಇಲ್ಲ. ಗೆರೆ ಕೆಳಗಿಳಿದು, ಯಾರೂ ಕರೆಯದೆ, ತಾನೇ ಮೆಲ್ಲಗೆ ಮೇಲೆ ಬರುತ್ತದೆ. ಹೃದಯ ಸೋತು ಪುಪ್ಪುಸದಲ್ಲಿ ರಕ್ತ ಮಡುಗಟ್ಟಿದವರ ಹಾಳೆ ಇನ್ನೂ ವಿಚಿತ್ರ. ಅಲ್ಲಿ ದಾಸ್ತಾನು ತೀರುವುದೇ ಇಲ್ಲ. ಊದಿದಾಗ ಏರಿದ ಬಿಪಿ 15 ಸೆಕೆಂಡೂ ಚಪ್ಪಟೆಯಾಗಿ ಮೇಲೆಯೇ ನಿಂತು, ಬಿಟ್ಟಾಗ ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತದೆ, ಚೌಕಾಕಾರದ ಒಂದು ಗೆರೆ. ನೋಡಲು ಬಲು ಸ್ಥಿರ. ಮೊದಲ ಸಲ ಅಂಥ ಹಾಳೆ ಕಂಡಾಗ ಎಷ್ಟು ಗಟ್ಟಿ ಹೃದಯವೆಂದು ಯಾರಾದರೂ ಮೋಸಹೋಗಬಹುದು. ಏಳುಬೀಳುಗಳಿರುವ ಹಾಳೆಯೇ ಆರೋಗ್ಯದ್ದು.

ನಾಲ್ಕನೆಯ ಘಟ್ಟದ ಆ ನಿಧಾನಿಸುವಿಕೆಯನ್ನು ತುರ್ತು ಚಿಕಿತ್ಸೆಯಲ್ಲಿ ಔಷಧಿಯಂತೆ ಬಳಸುತ್ತಾರೆ. ಕೆಲವರ ಹೃದಯದಲ್ಲಿ ವಿದ್ಯುತ್ತು ದಾರಿ ತಪ್ಪಿ ಒಂದು ಸುತ್ತಿನಲ್ಲಿ ಸಿಕ್ಕಿಕೊಂಡು ಬಡಿತ ನಿಮಿಷಕ್ಕೆ 180, 200 ಆಗಿಬಿಡುತ್ತದೆ. ಆಗ ಉಸಿರೊತ್ತಿ ಬಿಡಿಸಿದರೆ ವೇಗಸ್ ನರದ ಆ ಹಠಾತ್ ಹಿಡಿತ ಸುತ್ತನ್ನು ಕಡಿಯಬಲ್ಲದು. ಇಂಗ್ಲೆಂಡಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಸಣ್ಣದೊಂದು ಬದಲಾವಣೆ ಮಾಡಿತು. ರೋಗಿ ಅರ್ಧ ಒರಗಿ ಕುಳಿತು 15 ಸೆಕೆಂಡು ಊದಿದ ಕೂಡಲೇ ಅವರನ್ನು ಅಂಗಾತ ಮಲಗಿಸಿ, ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿದರು. ಅಷ್ಟಕ್ಕೇ, ನೂರಕ್ಕೆ 17 ಮಂದಿಯಲ್ಲಿ ಫಲ ಕೊಡುತ್ತಿದ್ದ ಉಪಾಯ 43 ಮಂದಿಯಲ್ಲಿ ಫಲ ಕೊಟ್ಟಿತು. ಕಾಲಿನಿಂದ ಇಳಿದು ಬರುವ ರಕ್ತ ಎದೆಗೆ ಇನ್ನಷ್ಟು ತುಂಬುತ್ತದೆ, ಕುತ್ತಿಗೆಯ ನರದ ತುದಿಗಳು ಇನ್ನಷ್ಟು ಜೋರಾಗಿ ನುಡಿಯುತ್ತವೆ. ಯಂತ್ರವಿಲ್ಲ, ಸೂಜಿಯಿಲ್ಲ, ಮನುಷ್ಯನ ಎರಡು ಕಾಲುಗಳ ಭಾರವಷ್ಟೇ.

ಆದರೆ ಇದು ಮನೆಯಲ್ಲಿ ಕುತೂಹಲಕ್ಕೆ ಮಾಡಿ ನೋಡುವ ಆಟವಲ್ಲ. ಉಬ್ಬಿದ ಸಿರೆಯ ಒತ್ತಡ ಕಣ್ಣಿನ ಹಿಂಪರೆಯ ನವಿರು ನಾಳಗಳವರೆಗೂ ಹೋಗುತ್ತದೆ; ಸಕ್ಕರೆ ಕಾಯಿಲೆಯಿಂದ ಅಲ್ಲಿ ಹೊಸ ನಾಳಗಳು ಬೆಳೆದಿದ್ದರೆ ಅವು ಒಡೆದು ದೃಷ್ಟಿ ಮಂಜಾಗಬಹುದು. ಹೃದಯ ಕಾಯಿಲೆಯಿರುವ ಹಿರಿಯರು ಬೆಳಗಿನ ಜಾವ ಶೌಚಾಲಯದಲ್ಲಿ ತಿಣುಕಿ ತಲೆಸುತ್ತಿ ಬೀಳುವುದಕ್ಕೂ ಈ ಘಟ್ಟಗಳೇ ಕಾರಣವಾಗಬಹುದು, ಅಂಥವರಿಗೆ ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು ಹೃದಯದ ಆರೈಕೆಯ ಒಂದು ಭಾಗವೇ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿ, ಎದ್ದು ನಿಂತಾಗ ಕಣ್ಣು ಕತ್ತಲಿಟ್ಟುಕೊಳ್ಳುತ್ತಿದ್ದರೆ ನಿಮ್ಮ ಡಾಕ್ಟರನ್ನು ಈ ಪರೀಕ್ಷೆಯ ಬಗ್ಗೆ ಕೇಳಿ. ಕೇಳುವ ಮೊದಲು ಕಣ್ಣಿನ ಹಿಂಪರೆಯನ್ನು ಒಮ್ಮೆ ತೋರಿಸಿಕೊಂಡು ಬನ್ನಿ.